‘ಫಲೇ’ ಯಾವ ವಿಭಕ್ತಿ? ಒಂದು ಅಂಕದ ಪ್ರಶ್ನೆ ಕಲಿಸಿದ ಪಾಠ

ನಾನು ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳಿಕೊಡುತ್ತೇನೆ. ಕೆಲವು ವರ್ಷಗಳ ಹಿಂದೆ ಎಂಟನೇ ತರಗತಿಯ ಕಿರುಪರೀಕ್ಷೆಗೆ ಹೀಗೊಂದು ಪ್ರಶ್ನೆ ಹಾಕಿದ್ದೆ.

‘ಫಲೇ’ ಎಂಬುದು ಯಾವ ವಿಭಕ್ತಿ, ಯಾವ ವಚನ?
ಅ) ಪ್ರಥಮಾ ದ್ವಿವಚನ
ಆ) ತೃತೀಯಾ ಏಕವಚನ
ಇ) ಸಪ್ತಮೀ ಏಕವಚನ
ಈ) ಷಷ್ಠೀ ಬಹುವಚನ

ನನ್ನ ಮನಸ್ಸಿನಲ್ಲಿದ್ದ ಉತ್ತರ ಸಪ್ತಮೀ ಏಕವಚನ. ಅದರ ಹಿಂದಿನ ವಾರವಷ್ಟೇ ರಾಮ ಶಬ್ದದ ಸಪ್ತಮೀ ಮಾಡಿಸಿದ್ದೆ. ರಾಮೇ ಎಂದರೆ ‘ರಾಮನಲ್ಲಿ’, ಫಲೇ ಎಂದರೆ ‘ಹಣ್ಣಿನಲ್ಲಿ’. ಅದೇ ಗುಂಗಿನಲ್ಲಿ ರಾಮನನ್ನು ತೆಗೆದು ಫಲವನ್ನು ಇಟ್ಟಿದ್ದೆ. ‘ಅ’ ಎಂದು ಬರೆದವರಿಗೆಲ್ಲ ತಪ್ಪು ಹಾಕಿ ಪತ್ರಿಕೆ ಕೊಟ್ಟೆ. ಮಾರನೇ ದಿನ ಒಬ್ಬ ಹುಡುಗಿ ಪಠ್ಯಪುಸ್ತಕ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದಳು. ಫಲ ಶಬ್ದದ ಮೊದಲನೇ ಸಾಲಿನ ಮೇಲೆ ಬೆರಳಿಟ್ಟು, “ಮಿಸ್, ಫಲಮ್ ಫಲೇ ಫಲಾನಿ ಅಂತ ಇದೆ. ನಾನು ಬರೆದಿದ್ದೂ ಸರಿ ಅಲ್ವಾ?” ಎಂದು ಕೇಳಿದಳು.

ಸರಿಯೇ ಇತ್ತು. ತರಗತಿಯಲ್ಲಿ ತಪ್ಪು ಒಪ್ಪಿಕೊಂಡು ಎರಡೂ ಉತ್ತರಕ್ಕೆ ಅಂಕ ಕೊಟ್ಟೆ. ಸಂಜೆ ಮನೆಗೆ ಬಂದು ಎರಡೂ ಶಬ್ದಗಳ ರೂಪಗಳನ್ನು ಬರೆದುಕೊಂಡು ಎಣಿಸುತ್ತಾ ಕುಳಿತೆ. ಇಷ್ಟು ವರ್ಷ ಬಾಯಿಪಾಠ ಹೇಳಿಸಿದ್ದೆ, ಹೀಗೆ ಎಣಿಸಿ ನೋಡಿರಲಿಲ್ಲ.

ಸಂಬೋಧನೆ ಬಿಟ್ಟರೆ 7 ವಿಭಕ್ತಿ, 3 ವಚನ, ಒಟ್ಟು 21 ಮನೆ. ರಾಮ ಶಬ್ದದಲ್ಲಿ ಈ 21 ಮನೆಗಳಿಗೆ ಇರುವ ಬೇರೆ ಬೇರೆ ರೂಪಗಳು 16. ಫಲ ಶಬ್ದದಲ್ಲಿ ಬರೀ 13. ಉಳಿದ ಮನೆಗಳಲ್ಲಿ ಇದ್ದ ರೂಪವೇ ಮತ್ತೆ ಬರುತ್ತದೆ.

ಎಲ್ಲಿ ಮತ್ತೆ ಬರುತ್ತದೆ ಎಂಬುದೇ ಪ್ರಶ್ನೆ ತೆಗೆಯುವವರಿಗೂ ಉತ್ತರ ಬರೆಯುವವರಿಗೂ ಬೇಕಾದ ವಿಷಯ. ರಾಮ ಶಬ್ದದ ಏಕವಚನ ಪೂರ್ತಿ ಸುರಕ್ಷಿತ. ರಾಮಃ, ರಾಮಮ್, ರಾಮೇಣ, ರಾಮಾಯ, ರಾಮಾತ್, ರಾಮಸ್ಯ, ರಾಮೇ, ಏಳಕ್ಕೆ ಏಳೂ ಬೇರೆ. ಬಹುವಚನದಲ್ಲಿ ಒಂದೇ ಕಡೆ ತೊಡಕು: ರಾಮೇಭ್ಯಃ ಚತುರ್ಥಿಯೂ ಹೌದು, ಪಂಚಮಿಯೂ ಹೌದು. ಕಷ್ಟವೆಲ್ಲ ದ್ವಿವಚನದಲ್ಲಿದೆ. ಅಲ್ಲಿ ಏಳು ಮನೆಗೆ ಮೂರೇ ರೂಪ. ಮೊದಲ ಎರಡಕ್ಕೆ ರಾಮೌ, ಮುಂದಿನ ಮೂರಕ್ಕೆ ರಾಮಾಭ್ಯಾಮ್, ಕೊನೆಯ ಎರಡಕ್ಕೆ ರಾಮಯೋಃ. ಫಲ ಶಬ್ದಕ್ಕೆ ಇದರ ಜೊತೆ ಇನ್ನಷ್ಟು ಸೇರಿಕೊಳ್ಳುತ್ತದೆ. ನಪುಂಸಕಲಿಂಗವಾದ್ದರಿಂದ ಅದರ ಪ್ರಥಮಾ, ದ್ವಿತೀಯಾ ಸಾಲುಗಳು ಅಕ್ಷರ ಬಿಡದೆ ಒಂದೇ. ಅದಕ್ಕೇ ‘ಫಲೇ’ ಮೂರು ಮನೆಗಳಲ್ಲಿ ಕೂತಿದೆ. ನನ್ನ ನಾಲ್ಕು ಆಯ್ಕೆಗಳಲ್ಲಿ ‘ದ್ವಿತೀಯಾ ದ್ವಿವಚನ’ ಇರಲಿಲ್ಲ. ಇದ್ದಿದ್ದರೆ ಮೂರು ಸರಿಯುತ್ತರ ಇರುತ್ತಿತ್ತು.

ಹಾಗಾದರೆ ‘ಫಲೇ’ ಬಗ್ಗೆ ಪ್ರಶ್ನೆ ಕೇಳುವುದೇ ಬೇಡವಾ? ಕೇಳಬೇಕು, ಆದರೆ ವಾಕ್ಯದಲ್ಲಿಟ್ಟು ಕೇಳಬೇಕು. ಮುಂದಿನ ವಾರ ಬೋರ್ಡಿನ ಮೇಲೆ ಮೂರು ವಾಕ್ಯ ಬರೆದೆ.

ವೃಕ್ಷಾತ್ ಫಲೇ ಪತತಃ.
ಬಾಲಕಃ ಫಲೇ ಖಾದತಿ.
ಫಲೇ ಕೀಟಃ ಅಸ್ತಿ.

ಮೊದಲನೆಯದರಲ್ಲಿ ಕ್ರಿಯಾಪದ ‘ಪತತಃ’ ದ್ವಿವಚನ. ಬೀಳುವವು ಎರಡು ಎಂದಾಯಿತು. ಕರ್ತೃ ಫಲೇ, ಪ್ರಥಮಾ ದ್ವಿವಚನ. ಎರಡನೆಯದರಲ್ಲಿ ‘ಖಾದತಿ’ ಏಕವಚನ, ಅದಕ್ಕೆ ಹೊಂದುವ ಬಾಲಕಃ ಆಗಲೇ ವಾಕ್ಯದಲ್ಲಿದ್ದಾನೆ. ಅವನು ಏನನ್ನು ತಿನ್ನುತ್ತಾನೆ? ಎರಡು ಹಣ್ಣುಗಳನ್ನು. ಹಾಗಾಗಿ ದ್ವಿತೀಯಾ ದ್ವಿವಚನ. ಮೂರನೆಯದರಲ್ಲಿ ಇರುವುದು ಹುಳು. ಎಲ್ಲಿ? ಹಣ್ಣಿನಲ್ಲಿ. ಅದು ಸಪ್ತಮೀ ಏಕವಚನ. ಮಕ್ಕಳಿಗೆ ನಾನು ಹೇಳುವ ಕ್ರಮ ಇಷ್ಟೇ: ಮೊದಲು ಕ್ರಿಯಾಪದ ನೋಡಿ, ಅದರ ವಚನ ಹೇಳಿ, ಆ ವಚನಕ್ಕೆ ಹೊಂದುವ ಕರ್ತೃ ಹುಡುಕಿ. ಕರ್ತೃ ಸಿಕ್ಕ ಮೇಲೆ ಉಳಿದ ಪದಕ್ಕೆ ‘ಏನನ್ನು, ಯಾರಿಗೆ, ಎಲ್ಲಿ’ ಎಂದು ಕೇಳಿ.

ಇದಾದ ಮೇಲೆ ಎಲ್ಲವನ್ನೂ ವಾಕ್ಯದಲ್ಲೇ ಕೇಳೋಣ ಎಂದು ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳನ್ನು ಮಾಡಿದೆ. ಅಲ್ಲಿ ಎರಡನೇ ಸಲ ಎಡವಿದೆ. ‘ರಾಮಃ ____ ಖಾದತಿ’ ಎಂದು ಬರೆದು ಫಲಮ್, ಫಲೇ, ಫಲಾಯ, ಫಲಸ್ಯ ಎಂದು ನಾಲ್ಕು ಆಯ್ಕೆ ಕೊಟ್ಟಿದ್ದೆ. ಒಂದು ಹಣ್ಣು ತಿಂದರೂ ರಾಮಃ ಖಾದತಿ, ಎರಡು ತಿಂದರೂ ರಾಮಃ ಖಾದತಿ. ಕ್ರಿಯಾಪದ ಕರ್ತೃವಿನ ವಚನವನ್ನು ಮಾತ್ರ ತೋರಿಸುತ್ತದೆ, ಕರ್ಮದ್ದನ್ನು ತೋರಿಸುವುದಿಲ್ಲ. ಅದೃಷ್ಟಕ್ಕೆ ಪತ್ರಿಕೆ ಮುದ್ರಣಕ್ಕೆ ಹೋಗುವ ಮುಂಚೆ ಇದು ಕಣ್ಣಿಗೆ ಬಿತ್ತು. ‘ರಾಮಃ ದ್ವೇ ____ ಖಾದತಿ’ ಎಂದು ತಿದ್ದಿದೆ. ಸಂಖ್ಯಾಪದ ಬಂದ ಕೂಡಲೇ ಉತ್ತರ ಒಂದೇ ಆಯಿತು. ಆ ಸಂಖ್ಯಾಪದವೂ ಲಿಂಗಕ್ಕೆ ಹೊಂದಬೇಕು. ಫಲಕ್ಕೆ ಏಕಮ್, ದ್ವೇ, ತ್ರೀಣಿ. ರಾಮ, ಬಾಲಕ ಶಬ್ದಗಳಿಗೆ ಏಕಃ, ದ್ವೌ, ತ್ರಯಃ.

ದ್ವಿವಚನ ನಮ್ಮ ಮಕ್ಕಳಿಗೆ ಕಷ್ಟವಾಗುವುದಕ್ಕೆ ಕಾರಣ ಇದೆ. ಕನ್ನಡದಲ್ಲಿ ಅದು ಇಲ್ಲ. ‘ಎರಡು ಹಣ್ಣು’ ಎನ್ನುವಾಗ ನಾವು ಬಹುವಚನದ ಪ್ರತ್ಯಯವನ್ನೂ ಹಚ್ಚುವುದಿಲ್ಲ. ಹಾಗಾಗಿ ದ್ವೇ ಎಂದು ಕಣ್ಣೆದುರಿಗೇ ಇದ್ದರೂ ‘ಫಲಾನಿ’ ಗುರುತು ಹಾಕುವವರು ಇರುತ್ತಾರೆ. ತಪ್ಪು ಆಯ್ಕೆಯಾಗಿ ಫಲಾನಿಯನ್ನು ನಾನು ತಪ್ಪದೆ ಇಡುತ್ತೇನೆ.

ತಪ್ಪು ಆಯ್ಕೆಗಳ ವಿಷಯ ಸ್ವಲ್ಪ ಹೇಳಬೇಕು. ಮೊದಲೆಲ್ಲ ರೂಪಾವಳಿಯಿಂದ ಸುಮ್ನೆ ಮೂರು ರೂಪ ಎತ್ತಿ ಹಾಕುತ್ತಿದ್ದೆ. ಈಗ ಮಕ್ಕಳ ನೋಟ್‌ಬುಕ್‌ನಿಂದಲೇ ತೆಗೆದುಕೊಳ್ಳುತ್ತೇನೆ. ಅವರು ನಿಜವಾಗಿ ಮಾಡುವ ತಪ್ಪುಗಳಲ್ಲಿ ಒಂದು ‘ಫಲಾನ್’. ರಾಮಾನ್ ಇದೆಯಲ್ಲ, ಹಾಗೇ ಫಲಾನ್ ಎಂದು ಬರೆಯುತ್ತಾರೆ. ತೃತೀಯೆಯಿಂದ ಸಪ್ತಮಿಯವರೆಗೆ ಫಲ ರಾಮನ ಹಾಗೇ ನಡೆಯುತ್ತದೆ, ಮೇಲಿನ ಎರಡು ಸಾಲು ಮಾತ್ರ ಬೇರೆ. ಇನ್ನೊಂದು ತಪ್ಪು ‘ಬಾಲಕೇಣ’. ರಾಮೇಣ ಬಾಯಿಗೆ ಬಂದಿರುವುದರಿಂದ ಎಲ್ಲದಕ್ಕೂ ಣ ಹಚ್ಚುತ್ತಾರೆ. ರಾಮದಲ್ಲಿ ರ ಇರುವುದರಿಂದ ಮುಂದಿನ ನ ಣ ಆಗಿದೆ. ರ, ಷ, ಋ ಇದ್ದರೆ ಹೀಗಾಗುತ್ತದೆ: ಪುತ್ರೇಣ, ವೃಕ್ಷೇಣ, ನೃಪೇಣ. ಬಾಲಕ, ಫಲ ಶಬ್ದಗಳಲ್ಲಿ ಅವು ಇಲ್ಲ, ಆದ್ದರಿಂದ ಬಾಲಕೇನ, ಫಲೇನ. ಆದರೆ ‘ರಥ’ದಲ್ಲಿ ರ ಇದ್ದರೂ ರಥೇನ ಎಂದೇ ಆಗುತ್ತದೆ, ನಡುವೆ ಬರುವ ಥ ತಡೆಯುತ್ತದೆ. ರಾಮಾನ್ ಎಂಬಲ್ಲಿ ನ್ ಪದದ ಕೊನೆಯಲ್ಲಿರುವುದರಿಂದ ಬದಲಾಗುವುದಿಲ್ಲ. ಎಂಟನೇ ತರಗತಿಗೆ ಇಷ್ಟು ಸಾಕು. ರಥವನ್ನು ನಾನು ಪರೀಕ್ಷೆಯಲ್ಲಿ ಕೇಳುವುದಿಲ್ಲ, ತರಗತಿಯಲ್ಲಿ ಮಾತ್ರ ತೋರಿಸುತ್ತೇನೆ.

ಮೂರನೇ ಬಗೆಯ ತಪ್ಪು ನೇರವಾಗಿ ಕನ್ನಡದಿಂದ ಬರುತ್ತದೆ. ‘ಲಕ್ಷ್ಮಣಃ ____ ಸಹ ಗಚ್ಛತಿ’ ಎಂದು ಕೊಟ್ಟರೆ ಎಷ್ಟೋ ಜನ ‘ರಾಮಸ್ಯ’ ಎನ್ನುತ್ತಾರೆ. ನಾವು ‘ರಾಮನ ಜೊತೆ’ ಎನ್ನುತ್ತೇವೆ, ಅದು ಷಷ್ಠೀ. ಸಂಸ್ಕೃತದಲ್ಲಿ ಸಹ ಬಂದರೆ ತೃತೀಯೆ, ರಾಮೇಣ ಸಹ. ‘ಊರಿನ ಸುತ್ತ’ ಎನ್ನುವುದೂ ಹಾಗೇ, ಅಲ್ಲಿ ಗ್ರಾಮಂ ಪರಿತಃ ಎಂದು ದ್ವಿತೀಯೆ ಬರುತ್ತದೆ. ಇನ್ನು ‘ಇಂದ’. ‘ನೀರಿನಿಂದ ತೊಳೆದ’, ‘ಮರದಿಂದ ಬಿತ್ತು’, ಎರಡಕ್ಕೂ ನಾವು ಆಡುವುದು ಒಂದೇ ಇಂದ. ಕನ್ನಡ ವ್ಯಾಕರಣದಲ್ಲಿ ಪಂಚಮಿಗೆ ‘ದೆಸೆಯಿಂದ’ ಎಂದು ಓದುತ್ತೇವೆ ನಿಜ, ಮನೆಯಲ್ಲಿ ಯಾರೂ ‘ಮರದ ದೆಸೆಯಿಂದ ಎಲೆ ಬಿತ್ತು’ ಎನ್ನುವುದಿಲ್ಲ. ನಾನು ಮಕ್ಕಳಿಗೆ ಕೇಳುವುದು, ಅದು ಸಾಧನವಾ, ಬಿಟ್ಟು ಬಂದ ಜಾಗವಾ? ನೀರು ಸಾಧನ, ಜಲೇನ. ಮರ ಬಿಟ್ಟ ಜಾಗ, ವೃಕ್ಷಾತ್.

ಇಂಥ ಪದಗಳಲ್ಲಿ ‘ವಿನಾ’ ಮಾತ್ರ ನಾಲ್ಕು ಆಯ್ಕೆಯ ಪ್ರಶ್ನೆಗೆ ಸುಲಭವಾಗಿ ಒಗ್ಗುವುದಿಲ್ಲ. ರಾಮಂ ವಿನಾ, ರಾಮೇಣ ವಿನಾ, ರಾಮಾತ್ ವಿನಾ, ಮೂರೂ ಪಾಣಿನಿಯ ವ್ಯಾಕರಣಕ್ಕೆ ಒಪ್ಪಿಗೆ. ಕೇಳಲೇಬೇಕಾದರೆ ಈ ಮೂರರಲ್ಲಿ ಒಂದನ್ನು ಮಾತ್ರ ಇಟ್ಟು, ಉಳಿದವಕ್ಕೆ ರಾಮಃ, ರಾಮಾಯ, ರಾಮಸ್ಯ ಕೊಡಬೇಕು.

ಈಗ ಪತ್ರಿಕೆ ತೆಗೆಯುವಾಗ ಒಂದು ಹಾಳೆಯಲ್ಲಿ ಪ್ರತಿ ತಪ್ಪು ಆಯ್ಕೆಯ ಪಕ್ಕದಲ್ಲಿ ಅದು ಯಾಕೆ ತಪ್ಪು ಎಂದು ನಾಲ್ಕು ಪದ ಬರೆಯುತ್ತೇನೆ. ‘ದ್ವೇ ಇದೆ, ಏಕವಚನ ಆಗದು.’ ‘ಸಹ ಇದೆ, ಷಷ್ಠೀ ಆಗದು.’ ಬರೆಯಲು ಕಾರಣ ಸಿಗಲಿಲ್ಲ ಎಂದರೆ ಅದೂ ಸರಿಯುತ್ತರವೇ ಇರಬೇಕು ಎಂದು ಗೊತ್ತಾಗುತ್ತದೆ. ಹತ್ತು ಪ್ರಶ್ನೆಗೆ ಮೂವತ್ತು ಕಾರಣ ಬರೆಯಬೇಕು, ಅರ್ಧ ಗಂಟೆ ಜಾಸ್ತಿ ಹಿಡಿಯುತ್ತದೆ.

ಕಳೆದ ಸಲ ಈ ಹಾಳೆಯಲ್ಲಿ ಸಿಕ್ಕಿಬಿದ್ದದ್ದು ‘ಬಾಲಕಯೋಃ’. ‘ಬಾಲಕಯೋಃ ಪುಸ್ತಕಾನಿ ಸಂತಿ’ ಎಂದು ಬರೆದು ಷಷ್ಠೀ ದ್ವಿವಚನ ಎಂಬುದನ್ನು ಸರಿಯುತ್ತರ ಮಾಡಿದ್ದೆ. ಸಪ್ತಮೀ ದ್ವಿವಚನದ ಪಕ್ಕ ಕಾರಣ ಬರೆಯಲು ಹೋದರೆ ಪೆನ್ನು ನಿಂತಿತು. ಪುಸ್ತಕಗಳು ‘ಹುಡುಗರಿಬ್ಬರವು’ ಎನ್ನುವುದೇ ಸಹಜ, ಆದರೆ ರೂಪ ನೋಡಿ ಸಪ್ತಮೀ ಎಂದ ಮಗುವಿಗೆ ತಪ್ಪು ಎನ್ನಲು ವಾಕ್ಯದಲ್ಲಿ ಏನೂ ಇರಲಿಲ್ಲ. ‘ಬಾಲಕಯೋಃ ಪಿತಾ ಗಚ್ಛತಿ’ ಎಂದು ಬದಲಾಯಿಸಿದೆ. ತಂದೆ ಎಂದ ಮೇಲೆ ಯಾರ ತಂದೆ ಎಂದೇ ಕೇಳಬೇಕು, ಸಪ್ತಮಿಗೆ ಜಾಗ ಉಳಿಯುವುದಿಲ್ಲ. ಹಳೆಯ ವಾಕ್ಯವನ್ನು ಎರಡು ಅಂಕದ ವಿಭಾಗಕ್ಕೆ ಹಾಕಿದೆ. ಅಲ್ಲಿ ಮಕ್ಕಳು ವಿಭಕ್ತಿ ಹೆಸರಿಸಿ, ಅದಕ್ಕೆ ತಕ್ಕಂತೆ ಕನ್ನಡದಲ್ಲಿ ಅರ್ಥವನ್ನೂ ಬರೆಯಬೇಕು.