ಮನೆಯೇ ಕಥೆ ಹೇಳುವಾಗ

“ಕಥೆ ಹೇಳುತ್ತಿರುವುದು ಮನೆ ಅಂತ ಕೊನೆಕೊನೆಗಷ್ಟೇ ಗೊತ್ತಾಗಬೇಕು, ಗೊತ್ತಾದ ಮೇಲೆ ಮೋಸ ಮಾಡಿದರು ಅಂತ ಅನ್ನಿಸಬಾರದು. ಹೇಗೆ ಬರೆಯುವುದು, ಸರ್?”

ಓದುಗರು ನಿರೂಪಕರನ್ನು ಯಾರೆಂದು ತಪ್ಪು ತಿಳಿಯಬೇಕು ಎಂಬುದನ್ನು ನಾನು ಮೊದಲೇ ನಿರ್ಧರಿಸಿಕೊಳ್ಳುತ್ತೇನೆ. ಕುಂಬಳೆ ಸೀಮೆಯ ಒಂದು ಹಳೆಯ ಮುರಕಲ್ಲಿನ ಮನೆಯನ್ನು ಆರಿಸಿಕೊಂಡೆವೆನ್ನಿ. ಅದಕ್ಕೆ ಓಡಾಡಲಾಗದು, ಅದನ್ನು ಯಾರೂ ಮಾತನಾಡಿಸುವುದಿಲ್ಲ, ಆದರೂ ಒಳಗಿನ ಮಾತೆಲ್ಲ ಅದಕ್ಕೆ ಕೇಳುತ್ತದೆ. ಇಷ್ಟಕ್ಕೂ ಹೊಂದುವವರೆಂದರೆ ಹಾಸಿಗೆ ಹಿಡಿದ, ಯಾರೂ ಅಭಿಪ್ರಾಯ ಕೇಳದ ಅಜ್ಜಿ. ಮೊದಲ ಪುಟದಲ್ಲೇ ಆಕೆ ಓದುಗರ ಮನಸ್ಸಿನಲ್ಲಿ ನೆಲೆಸಿದರೆ, ನಿರೂಪಕರಿಗೆ ಯಾರೂ ಏಕೆ ಉತ್ತರಿಸುವುದಿಲ್ಲ ಎಂಬ ಸಂಶಯ ಏಳುವುದಿಲ್ಲ.

ಆಮೇಲೆ ಪ್ರತಿಯೊಂದು ವಾಕ್ಯವೂ ಅಜ್ಜಿಗೂ ಮನೆಗೂ ಸಮನಾಗಿ ನಿಜವಾಗಬೇಕು. “ಸೆರಗಿನಿಂದ ಕಣ್ಣೊರೆಸಿಕೊಂಡೆ” ಎಂದರೆ ಅದು ಶುದ್ಧ ಸುಳ್ಳು, ಮೋಸವೆನ್ನಿಸುವುದು ಇಂಥಲ್ಲೇ. “ಆ ಆಟಿಯ ರಾತ್ರಿ ನನ್ನ ಮೈಯಿಂದ ನೀರಿಳಿಯುತ್ತಲೇ ಇತ್ತು” ಎಂದರೆ ಅಜ್ಜಿಗೆ ಜ್ವರದ ಬೆವರಾಗುತ್ತದೆ, ಮನೆಗೆ ಮಳೆನೀರು ಜಿನುಗುವ ಗೋಡೆಯಾಗುತ್ತದೆ. ಬರೆದು ಮುಗಿಸಿದ ಮೇಲೆ ಮನೆಯೆಂದು ತಿಳಿದುಕೊಂಡೇ ಮತ್ತೊಮ್ಮೆ ಓದಿ, ಸುಳ್ಳಾಗುವ ವಾಕ್ಯ ಎಷ್ಟೇ ಚೆಂದವಿದ್ದರೂ ಹೊಡೆದುಹಾಕಬೇಕು.

ಕನ್ನಡದಲ್ಲಿ ‘ನಾನು’ ಎಂದೇ ಬರೆಯುತ್ತಿರುವವರೆಗೆ ಗುಟ್ಟು ಕ್ಷೇಮ, ಏಕೆಂದರೆ ‘ನೋಡಿದೆ’, ‘ಕೇಳಿದೆ’ ಎಂಬ ಕ್ರಿಯಾಪದಗಳು ಲಿಂಗ ಹೇಳುವುದಿಲ್ಲ. ಬೇರೆಯವರು ನಿರೂಪಕರ ಬಗ್ಗೆ ಮಾತನಾಡಿದ ಕೂಡಲೇ, ಅವಳೋ ಅದೋ ಎಂಬುದನ್ನು ಕ್ರಿಯಾಪದವೇ ಹೇಳಿಬಿಡುವುದರಿಂದ, ಗುಟ್ಟು ಬಯಲಾಗುತ್ತದೆ. (ಮಲಯಾಳಂ ಲೇಖಕರಿಗೆ ಈ ಕಷ್ಟ ಕಡಿಮೆ, ಅವರ ಕ್ರಿಯಾಪದ ಯಾರ ಗುರುತನ್ನೂ ಹೇಳುವುದಿಲ್ಲ.) ಮಗ ತಮ್ಮನಿಗೆ “ತುಂಬ ಹಳೆಯದಾಯಿತು” ಎಂದರೆ ಕಥೆ ಅಲ್ಲಿಗೇ ಮುಗಿಯಿತು. ಕರ್ತೃಪದವನ್ನು ಬಿಟ್ಟು “ಇನ್ನೆಷ್ಟು ವರ್ಷ ಅಂತ ನಾವೇ ನೋಡಿಕೊಳ್ಳುವುದು?” ಎನ್ನಿಸಿದರೆ ಓದುಗರು ಅಜ್ಜಿಗಾಗಿ ಮರುಗುತ್ತಾರೆ, ಮನೆಗೂ ಆ ಮಾತು ಸಲ್ಲುತ್ತದೆ.

ಮನೆಗೆ ಅಂಗಳದಾಚೆಗಿನ ಸುದ್ದಿ ನೇರವಾಗಿ ತಿಳಿಯದು ಎಂಬುದನ್ನೂ ಮರೆಯಬಾರದು. ಯಜಮಾನ್ತಿ ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರೆ, ಆ ದೃಶ್ಯವನ್ನು ಬರೆಯುವ ಹಕ್ಕು ನಮಗಿಲ್ಲ; ಮುಸ್ಸಂಜೆಗೆ ದೀಪ ಹಚ್ಚಲು ಯಾರೂ ಬರಲಿಲ್ಲ ಎಂಬಷ್ಟನ್ನೇ ಮನೆ ಹೇಳಬಲ್ಲದು.

ಗುರುತು ಬಯಲಾಗುವುದಕ್ಕೆ ವಿವರಣೆ ಬೇಡ, ಒಂದು ಘಟನೆ ಸಾಕು. ಹಳೆಯ ಮರಮಟ್ಟು ಕೊಳ್ಳುವವನೊಬ್ಬ ಚಾವಡಿಗೆ ಬರುತ್ತಾನೆ: “ಆತ ನನ್ನನ್ನು ತಟ್ಟಿ ನೋಡಿ, ‘ಹಲಸು. ಒರಲೆ ಹಿಡಿದಿಲ್ಲ’ ಎಂದ.” ಇದನ್ನೇ ಕಡೆಯ ಸಾಲಾಗಿಸುವ ಆಸೆ ಹೆಚ್ಚಿನವರಿಗಿರುತ್ತದೆ. ಹಾಗೆ ಮಾಡಿದರೆ ಕಥೆ ಒಗಟಿನಷ್ಟಕ್ಕೇ ನಿಲ್ಲುತ್ತದೆ. ಇದಾದ ಮೇಲೂ ಒಂದೆರಡು ಪುಟ ಉಳಿದಿರಲಿ. ಅಣ್ಣತಮ್ಮಂದಿರ ಚೌಕಾಸಿಯನ್ನು, ತಾನು ಮಾರಾಟದ ಸೊತ್ತೆಂದು ಗೊತ್ತಿರುವ ಮನೆಯ ಬಾಯಿಂದ ಓದುಗರು ಕೇಳುವುದು ಆಗಲೇ.