ವಾಪಸ್ ಬಂದ 11 ಬಾಟಲಿ

ನಮ್ಮದು ಚಿತ್ರದುರ್ಗ ಜಿಲ್ಲೆಯ ಸಣ್ಣ ಮಾಸಪತ್ರಿಕೆ. ಊರಲ್ಲೇ ಇದ್ದು ಏನಾದರೂ ಉದ್ಯೋಗ ಕಟ್ಟಿಕೊಂಡವರ ಬಗ್ಗೆ ಪ್ರತಿ ಸಂಚಿಕೆಯಲ್ಲೂ ಎರಡು ಪುಟ ಬರುತ್ತದೆ. ಅದು ಸುದ್ದಿಯ ಹಾಗಿರಬಾರದು, ಕಥೆಯ ಹಾಗೆ ಓದಿಸಿಕೊಂಡು ಹೋಗಬೇಕು ಅನ್ನುವುದು ಸಂಪಾದಕರ ಆಸೆ. ಆ ಎರಡು ಪುಟ ಬರೆಯುವುದು ನನ್ನ ಕೆಲಸ.

ಹೋದ ವರ್ಷ ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆ. ಅಲ್ಲಿ ಒಬ್ಬರು ಮರದ ಗಾಣ ಹಾಕಿಕೊಂಡು ಶೇಂಗಾ ಎಣ್ಣೆ ತೆಗೆಯುತ್ತಾರೆ. ಮೊದಲು ಅದೇ ಊರಿನ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಊರಿನವರಿಗೆ ಈಗಲೂ ಅವರು ಟೀಚರ್ರೇ. ಚಳ್ಳಕೆರೆಯನ್ನು ಎಣ್ಣೆ ನಗರ ಅಂತ ಕರೆಯುತ್ತಾರಲ್ಲ, ಅಲ್ಲಿ ದೊಡ್ಡ ದೊಡ್ಡ ಮಿಲ್ಲುಗಳು ಇದ್ದ ಕಡೆ ಒಬ್ಬ ಟೀಚರ್ ಗಾಣ ಇಟ್ಟಿದ್ದಾರೆ ಅಂದರೆ ಒಳ್ಳೆ ಕಥೆ ಆಗುತ್ತದೆ ಅಂದುಕೊಂಡೆ.

ಎರಡು ಗಂಟೆ ಕೂತು ಮಾತಾಡಿಸಿದೆ, ಫೋಟೊ ತೆಗೆದೆ, ಬಂದು ಬರೆದೆ. "ಶಿಕ್ಷಕಿ ವೃತ್ತಿಗೆ ವಿದಾಯ ಹೇಳಿ ಸ್ವಂತ ಉದ್ಯಮದ ಕನಸು ಕಂಡರು" ಅಂತ ಶುರು ಮಾಡಿದ್ದೆ. "ಸರ್ಕಾರ ಅರ್ಧ ಹಣ ಕೊಟ್ಟು ಬೆನ್ನಿಗೆ ನಿಂತಿತು" ಅಂತಲೂ ಇತ್ತು. ಸಂಪಾದಕರು ಓದಿ, ಅಂಚಿನಲ್ಲಿ ಎರಡೇ ಪ್ರಶ್ನೆ ಬರೆದು ವಾಪಸ್ ಕೊಟ್ಟರು. "ರಾಜೀನಾಮೆ ಕೊಟ್ಟಿದ್ದು ಯಾವ ತಿಂಗಳು? ಗಾಣದಲ್ಲಿ ಏನು ಕೆಟ್ಟಿತು?" ಎರಡಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಮತ್ತೆ ಬಸ್ಸು ಹತ್ತಿದೆ.

ಮೊದಲ ಪ್ರಶ್ನೆಗೇ ಟೀಚರ್ ಸ್ವಲ್ಪ ಹೊತ್ತು ಸುಮ್ಮನಾದರು. "ರಾಜೀನಾಮೆ ಕೊಡೋಕೆ ನಾನು ಕಾಯಂ ಅಲ್ಲ ಸರ್. ಅತಿಥಿ ಶಿಕ್ಷಕಿ. ಜೂನ್‌ನಲ್ಲಿ ಆ ಹುದ್ದೆಗೆ ಕಾಯಂ ಮೇಷ್ಟ್ರು ವರ್ಗ ಆಗಿ ಬಂದ್ರು, ನನ್ನನ್ನ ಕರೀಲಿಲ್ಲ, ಅಷ್ಟೆ."

ಅತಿಥಿ ಶಿಕ್ಷಕರ ಕೆಲಸ ಹೇಗೆ ಅಂತ ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಖಾಲಿ ಹುದ್ದೆಗೆ ಆ ಶಾಲಾ ವರ್ಷದ ಮಟ್ಟಿಗೆ ತೆಗೆದುಕೊಳ್ಳುತ್ತಾರೆ. ಸಿಗುವುದು ಸಂಬಳ ಅಲ್ಲ, ಗೌರವಧನ. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಟೀಚರ್ ಆರು ವರ್ಷ ಹೀಗೇ ದುಡಿದಿದ್ದರು. ರಜೆಯ ಆ ಎರಡು ತಿಂಗಳು ಮನೆ ನಡೆಯಬೇಕಲ್ಲ ಅಂತ ಚಳ್ಳಕೆರೆಯ ಒಂದು ಗಾಣದಲ್ಲಿ ಶೇಂಗಾ ಬೀಜ ಆರಿಸುವ ಕೂಲಿಗೆ ಹೋಗುತ್ತಿದ್ದರು. ಗಾಣದ ಕೆಲಸ ಕಲಿತದ್ದು ಅಲ್ಲಿ. ನಾನು ಕನಸು ಅಂತ ಬರೆದದ್ದು ಏಪ್ರಿಲ್, ಮೇ ತಿಂಗಳ ಕೂಲಿ ಆಗಿತ್ತು. ಮೊದಲ ಸಲ ಹೋದಾಗ ನಾನು ಇದನ್ನು ಕೇಳಲೇ ಇಲ್ಲ. "ಕೆಲಸ ಬಿಟ್ಟಿರಲ್ಲ, ಧೈರ್ಯ ಹೇಗೆ ಬಂತು?" ಅಂತ ಕೇಳಿದ್ದೆ. ಪಾಪ, ಅವರು ನನ್ನ ಪ್ರಶ್ನೆಗೆ ತಕ್ಕ ಹಾಗೆ ಏನೋ ಹೇಳಿದ್ದರು.

ಸರ್ಕಾರದ ಹಣದ ಮಾತೂ ಹಾಗೇ. ಅವರು ತೆಗೆದುಕೊಂಡದ್ದು ಕಿರು ಆಹಾರ ಉದ್ದಿಮೆಗಳಿಗೆ ಇರುವ ಪಿಎಂಎಫ್‌ಎಂಇ ಯೋಜನೆ. ಅದರಲ್ಲಿ ಕೇಂದ್ರದ ಯೋಜನೆಯಿಂದ ಶೇ. 35, ನಮ್ಮ ರಾಜ್ಯದಿಂದ ಹೆಚ್ಚುವರಿ ಶೇ. 15, ಒಟ್ಟು ಅರ್ಧ ಸಹಾಯಧನ ಇರುವುದು ನಿಜ. ಆದರೆ ಆ ದುಡ್ಡು ಕೈಗೆ ಬರುವುದಿಲ್ಲ. ಮೊದಲು ನಮ್ಮ ಪಾಲು ಹಾಕಬೇಕು, ಬ್ಯಾಂಕ್ ಸಾಲ ಕೊಡಬೇಕು. ಸಹಾಯಧನ ಬ್ಯಾಂಕಿನಲ್ಲೇ ಬೇರೆ ಖಾತೆಯಲ್ಲಿ ಕೂತಿರುತ್ತದೆ. ಮೂರು ವರ್ಷ ಕಂತು ಸರಿಯಾಗಿ ಕಟ್ಟಿ, ಘಟಕ ನಡೆಯುತ್ತಿದ್ದರೆ ಆಮೇಲೆ ಸಾಲಕ್ಕೆ ಜಮಾ ಆಗುತ್ತದೆ. ಅಲ್ಲಿವರೆಗೆ ತಿಂಗಳು ತಿಂಗಳು ಕಂತು ಕಟ್ಟುವವರು ಟೀಚರ್ರೇ. ನನ್ನ ಮೊದಲ ಬರಹ ಓದಿ ಯಾರಾದರೂ "ಅರ್ಧ ದುಡ್ಡು ಸುಮ್ನೆ ಸಿಗುತ್ತೆ" ಅಂತ ಬ್ಯಾಂಕಿಗೆ ಹೋಗಿದ್ದರೆ? ನೆನೆಸಿಕೊಂಡರೆ ಈಗಲೂ ಮುಜುಗರ ಆಗುತ್ತದೆ.

ಎರಡನೇ ಪ್ರಶ್ನೆ ಕೇಳುವುದು ಕಷ್ಟ ಇತ್ತು. ಮನೆಗೆ ಕರೆದು ಊಟ ಹಾಕಿದವರ ಹತ್ತಿರ ಏನು ಕೆಟ್ಟಿತು ಅಂತ ಹೇಗೆ ಕೇಳುವುದು? ಕೊನೆಗೆ ಬೇರೆ ಥರ ಕೇಳಿದೆ. "ಟೀಚರ್, ಮಾರಿದ್ದರಲ್ಲಿ ಯಾವತ್ತಾದರೂ ವಾಪಸ್ ಬಂದದ್ದು ಇದೆಯಾ?"

ಅವರು ಎದ್ದು ಒಳಗೆ ಹೋಗಿ ಒಂದು ಉದ್ದನೆ ಪುಸ್ತಕ ತಂದರು. ಶಾಲೆಯ ಹಾಜರಿ ಪುಸ್ತಕದ ಹಾಗೆ ಸ್ಕೇಲಿಟ್ಟು ಗೆರೆ ಎಳೆದದ್ದು. ಮಕ್ಕಳ ಹೆಸರು ಇರುವ ಜಾಗದಲ್ಲಿ ಗಾಣದ ನಂಬರು. ಒಂದು ಸಲ ಒರಳಿಗೆ ಹಾಕಿ ತೆಗೆದದ್ದಕ್ಕೆ ಒಂದು ನಂಬರು. ಪಕ್ಕದಲ್ಲಿ ಬೀಜ ಎಲ್ಲಿಂದ ಬಂತು, ಎಷ್ಟು ಕೆಜಿ, ಎಣ್ಣೆ ಎಷ್ಟು, ಹಿಂಡಿ ಎಷ್ಟು. ಆಮೇಲೆ ತಾರೀಖಿನ ಮನೆಗಳು. ಎಣ್ಣೆ ತಿಳಿಯಾಗಲು ಇಟ್ಟ ಒಂದೊಂದು ದಿನಕ್ಕೂ ಒಂದು ಗುರುತು. ಅದೇ ನಂಬರು ಬಾಟಲಿಯ ಚೀಟಿಯ ಮೇಲೂ ಇರುತ್ತದೆ. ಅಕ್ಟೋಬರ್ ಕೊನೆಯ ಪುಟದಲ್ಲಿ ಮೂರು ಸಾಲಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದರು.

ಕಥೆ ಇದ್ದದ್ದು ಆ ಮೂರು ಸಾಲಿನಲ್ಲಿ.

ಅವರ ಗಾಣಕ್ಕೆ ಒಂದು ಸಲಕ್ಕೆ 15 ಕೆಜಿ ಬೀಜ ಹಿಡಿಯುತ್ತದೆ. ಅರೆಯಲು ಹತ್ತಿರ ಹತ್ತಿರ ಒಂದು ಗಂಟೆ. ಚೆನ್ನಾಗಿ ಒಣಗಿದ ಬೀಜವಾದರೆ 6 ಲೀಟರ್ ಎಣ್ಣೆ, 9 ಕೆಜಿ ಹಿಂಡಿ. ಆಗ ಬೀಜ ಕೆಜಿಗೆ 120 ರೂಪಾಯಿ ಇತ್ತು, ಅಂದರೆ ಒಂದು ಗಾಣಕ್ಕೆ 1,800. ಹಿಂಡಿಯನ್ನು ದನಕರುಗಳಿಗೆ ಅಂತ 40 ರೂಪಾಯಿಗೆ ಕೊಳ್ಳುತ್ತಾರೆ, ಅದರಿಂದ 360 ವಾಪಸ್. ಉಳಿದ 1,440ನ್ನು 6 ಲೀಟರಿಗೆ ಹಂಚಿದರೆ ಲೀಟರಿಗೆ 240. ಆರಿಸುವ ಕೂಲಿ, ಕರೆಂಟು, ಬಾಟಲಿ, ಚೀಟಿ ಎಲ್ಲ ಸೇರಿ 45. ಅಲ್ಲಿಗೆ 285. ಮಾರುತ್ತಿದ್ದದ್ದು 320ಕ್ಕೆ. ಲೀಟರಿಗೆ 35 ರೂಪಾಯಿ ಉಳಿತಾಯ. ಸಾಲದ ಕಂತೂ ಇದರಲ್ಲೇ ಹೋಗಬೇಕು.

ಆ ಸಲ ದೀಪಾವಳಿಗೆ ಬೇಡಿಕೆ ಜಾಸ್ತಿ ಬಂತು. ಹಳೆ ಬೀಜ ಮುಗಿದಿತ್ತು. ಹೊಸ ಶೇಂಗಾ ಆಗ ತಾನೇ ಹೊಲದಿಂದ ಬರುತ್ತಿತ್ತು, ಕೀಳುವ ಹೊತ್ತಿಗೆ ಮಳೆ ಬೇರೆ. ಒಬ್ಬರು ಕೆಜಿಗೆ 10 ರೂಪಾಯಿ ಕಡಿಮೆ ಮಾಡಿ ಕೊಟ್ಟರು ಅಂತ ತೆಗೆದುಕೊಂಡರು. ಪೂರ್ತಿ ಒಣಗಿದ ಬೀಜವನ್ನು ಅಂಗೈಯಲ್ಲಿ ಹಾಕಿ ಉಜ್ಜಿದರೆ ಕೆಂಪು ಸಿಪ್ಪೆ ಬಿಡುತ್ತದೆ, ಕಡಿದರೆ ಕಟ್ ಅನ್ನುತ್ತದೆ. ಹಸಿ ಇದ್ದರೆ ಸಿಪ್ಪೆ ಅಂಟಿಕೊಂಡೇ ಇರುತ್ತದೆ, ಹಲ್ಲಿಗೆ ಮೆತ್ತಗೆ ಸಿಗುತ್ತದೆ. ಟೀಚರಿಗೆ ಇದು ಗೊತ್ತಿತ್ತು. ಉಜ್ಜಿಯೂ ನೋಡಿದ್ದರು. ಎರಡು ದಿನ ಬಿಸಿಲಿಗೆ ಹಾಕಿದರೆ ಸರಿಹೋಗುತ್ತದೆ ಅಂದುಕೊಂಡರು, ಆ ಎರಡು ದಿನವೂ ಮೋಡ.

ಅರೆದಾಗ ಹಿಂಡಿ ಒರಳಿಗೆ ಅಂಟಿಕೊಂಡು ಬಂತು. ಎಣ್ಣೆ 6ರ ಬದಲು 5 ಲೀಟರ್. ಬೀಜದಲ್ಲಿ 10 ರೂಪಾಯಿ ಉಳಿದರೂ, ಹಿಂಡಿ ಒಂಚೂರು ಜಾಸ್ತಿ ತೂಗಿದರೂ, ಲೀಟರಿನ ಖರ್ಚು 285ರಿಂದ 299ಕ್ಕೆ ಏರಿತ್ತು. ಆದರೆ ಪೆಟ್ಟು ಬಿದ್ದದ್ದು ಅಲ್ಲಲ್ಲ. ಗಾಣದ ಎಣ್ಣೆಯನ್ನು ನಾಲ್ಕು ದಿನವಾದರೂ ಅಲುಗಾಡಿಸದೆ ಇಡಬೇಕು. ಗಸಿ ತಳಕ್ಕೆ ಇಳಿದು ಮೇಲೆ ತಿಳಿ ನಿಲ್ಲುತ್ತದೆ. ಬೀಜದಲ್ಲಿ ನೀರಿನ ಅಂಶ ಇದ್ದರೆ ಎಣ್ಣೆ ಮಬ್ಬಾಗಿಯೇ ಇರುತ್ತದೆ, ಇನ್ನೂ ಜಾಸ್ತಿ ದಿನ ಬೇಕು. ಹಬ್ಬ ಹತ್ತಿರ ಬಂದಿತ್ತು. ಎರಡನೇ ದಿನವೇ ಬಟ್ಟೆಯಲ್ಲಿ ಸೋಸಿ ಬಾಟಲಿಗೆ ತುಂಬಿದರು. ಪುಸ್ತಕದಲ್ಲಿ ಆ ಮೂರು ಸಾಲಿಗೆ ಎರಡೆರಡೇ ಗುರುತು ಇದ್ದವು. ಮೇಲಿನ ಸಾಲುಗಳಲ್ಲೆಲ್ಲ ನಾಲ್ಕು, ಐದು.

ಮೂರು ವಾರಕ್ಕೆ ಮೊದಲ ಬಾಟಲಿ ವಾಪಸ್ ಬಂತು. ತೆಗೆದರೆ ಕಮಟು ವಾಸನೆ, ಬಾಣಲೆಗೆ ಹಾಕಿದರೆ ನೊರೆ. ಚೀಟಿಯ ನಂಬರು ನೋಡಿ ಪುಸ್ತಕ ತೆಗೆದರು. ಅದೇ ಬೀಜದಲ್ಲಿ ಮೂರು ಗಾಣ, ಒಟ್ಟು 15 ಲೀಟರ್, 15 ಬಾಟಲಿ. ಯಾರ್ಯಾರಿಗೆ ಕೊಟ್ಟಿದ್ದು ಅಂತಲೂ ಬರೆದಿಟ್ಟಿದ್ದರು. ಉಳಿದವರು ಬಂದು ಹೇಳುವವರೆಗೆ ಕಾಯಲಿಲ್ಲ, ಎಲ್ಲರಿಗೂ ತಾವೇ ಫೋನ್ ಮಾಡಿದರು. 11 ವಾಪಸ್ ಬಂದವು. ನಾಲ್ಕು ಮನೆಯವರು ಆಗಲೇ ಬಳಸಿ ಮುಗಿಸಿದ್ದರು. 11 ಬಾಟಲಿಯ 3,520 ರೂಪಾಯಿ ಹಿಂದಕ್ಕೆ ಕೊಟ್ಟರು. ಲೀಟರಿಗೆ 35ರ ಲೆಕ್ಕದಲ್ಲಿ ಅದು ಸುಮಾರು 100 ಲೀಟರ್ ಮಾರಿದರೆ ಉಳಿಯುವ ದುಡ್ಡು. ಆ ಗಾಣಗಳಿಂದ ಉಳಿದಿದ್ದ ಹಿಂಡಿಯನ್ನೂ ಮಾರಲಿಲ್ಲ. ಹಸಿ ಬೀಜಕ್ಕೆ ಬೂಸ್ಟು ಬೇಗ ಹಿಡಿಯುತ್ತದೆ, ಅದರ ವಿಷ ಹಿಂಡಿಯಲ್ಲಿ ಉಳಿದು ದನದ ಹಾಲಿಗೂ ಬರುತ್ತದೆ ಅಂತ ಅವರಿಗೆ ಗೊತ್ತಿತ್ತು.

ಇಷ್ಟು ಹೇಳುವಾಗ ಅವರು ಆ ಪುಟದ ಮೇಲೆ ಬೆರಳಿಟ್ಟುಕೊಂಡೇ ಇದ್ದರು. ತಪ್ಪು ಉತ್ತರ ತೋರಿಸುವಾಗ ಟೀಚರುಗಳು ಇಡುತ್ತಾರಲ್ಲ, ಹಾಗೆ.

ಇದನ್ನು ಬರೆಯಲಾ ಅಂತ ಕೇಳಿದೆ. ಆವತ್ತು ಏನೂ ಹೇಳಲಿಲ್ಲ. ಮಾರನೇ ದಿನ ಬೆಳಗ್ಗೆ ಫೋನ್ ಬಂತು. "ಬರೀರಿ ಸರ್. ಹಸಿ ಬೀಜ ಅಂತ ಗೊತ್ತಿದ್ದೂ ಹಾಕಿದೆ ಅನ್ನೋದನ್ನೂ ಬರೀರಿ. ದುಡ್ಡು ವಾಪಸ್ ಕೊಟ್ಟಿದ್ದನ್ನ ಮಾತ್ರ ಬಿಡಬೇಡಿ."

ಎರಡನೇ ಸಲ ಬರೆದಾಗ ಬರಹ ತಾನಾಗಿ ದಾರಿ ಹಿಡಿಯಿತು. ಮೋಡ ಕವಿದ ಎರಡು ದಿನದಿಂದ ಶುರು ಮಾಡಿ, ಫೋನ್ ಮಾಡಿದ ಸಂಜೆಗೆ ಮುಗಿಸಿದೆ. ಶಾಲೆಯ ವಿಷಯ ನಡುವೆ ನಾಲ್ಕು ಸಾಲು. ಅಂದಿನಿಂದ ಯಾರನ್ನು ಮಾತಾಡಿಸಲು ಹೋದರೂ, ಹಪ್ಪಳ ಮಾಡುವವರಿರಲಿ, ಕೋಳಿ ಸಾಕುವವರಿರಲಿ, ವಾಪಸ್ ಬಂದದ್ದು ಏನು ಅಂತ ಕೇಳುತ್ತೇನೆ. ಲೆಕ್ಕದ ಪುಸ್ತಕ ಇದ್ದರೆ ನೋಡುತ್ತೇನೆ. ಮನುಷ್ಯರು ನೆನಪಿನಿಂದ ಹೇಳುವಾಗ ಬಿಟ್ಟುಬಿಡುವ ತಿಂಗಳುಗಳು ಪುಸ್ತಕದಲ್ಲಿ ಇರುತ್ತವೆ.

ಆದರೂ ಒಂದು ತಪ್ಪು ಉಳಿದುಬಿಟ್ಟಿತು. ಪತ್ರಿಕೆ ಬಂದು ಒಂದು ವಾರಕ್ಕೆ ಟೀಚರ್ ಫೋನ್ ಮಾಡಿದರು. ಊರಿನವರು ತಮ್ಮ ಶೇಂಗಾ ತಂದು ಕೂಲಿ ಕೊಟ್ಟು ಎಣ್ಣೆ ಆಡಿಸಿಕೊಂಡು ಹೋಗುವುದೂ ಅವರ ಗಾಣದಲ್ಲಿ ಉಂಟು. ಹಾಗೆ ಬಂದ ಇಬ್ಬರು ತಕ್ಕಡಿ ಮುಂದೆ ಜಗಳಕ್ಕೆ ನಿಂತಿದ್ದರಂತೆ. 15 ಕೆಜಿ ಬೀಜಕ್ಕೆ 6 ಕೆಜಿ ಎಣ್ಣೆ ಬರಬೇಕು, ನಮಗೆ ಐದೂವರೆಯೇ ಕೊಟ್ಟಿದ್ದೀರಿ, ಪತ್ರಿಕೆಯಲ್ಲೇ ಬಂದಿದೆಯಲ್ಲ ಅಂತ. ನಾನು 6 ಲೀಟರ್ ಅನ್ನುವ ಕಡೆ 6 ಕೆಜಿ ಅಂತ ಬರೆದಿದ್ದೆ. ಎಣ್ಣೆ ನೀರಿಗಿಂತ ಹಗುರ. ಒಂದು ಲೀಟರ್ ಶೇಂಗಾ ಎಣ್ಣೆ ತೂಗುವುದು ಸುಮಾರು 910 ಗ್ರಾಂ. 6 ಲೀಟರ್ ಅಂದರೆ ಐದೂವರೆ ಕೆಜಿಯೇ. ಟೀಚರ್ ಕೊಟ್ಟದ್ದು ಸರಿಯಾಗಿಯೇ ಇತ್ತು.

ಮಾರನೇ ದಿನವೇ ಹೋಗಿ ಆ ಇಬ್ಬರ ಮನೆಯಲ್ಲೂ ಕೂತು ನನ್ನ ತಪ್ಪು ಅಂತ ಹೇಳಿ ಬಂದೆ. ಮುಂದಿನ ಸಂಚಿಕೆಯಲ್ಲಿ ಅದೇ ಪುಟದಲ್ಲಿ, ಅದೇ ಅಳತೆಯ ಅಕ್ಷರದಲ್ಲಿ ತಿದ್ದುಪಡಿ ಹಾಕಿದೆವು. ಟೀಚರ್ ಅದನ್ನು ಕತ್ತರಿಸಿ ತಕ್ಕಡಿಯ ಮೇಲಿನ ಗೋಡೆಗೆ ಅಂಟಿಸಿದ್ದಾರೆ. ಕೆಳಗೆ ಸೀಮೆಸುಣ್ಣದಲ್ಲಿ, ಎರಡನೇ ಕ್ಲಾಸಿನ ಮಕ್ಕಳಿಗೂ ಓದಲು ಬರುವಂಥ ದುಂಡು ಅಕ್ಷರದಲ್ಲಿ, 1 ಲೀಟರ್ = 910 ಗ್ರಾಂ ಅಂತ ಬರೆದಿದ್ದಾರೆ.