ಒಂದೇ ಚಿನ್ನ, ಎರಡು ರೇಟು

2025ರ ಶುರುವಿನಲ್ಲಿ, ಟ್ರಂಪ್ ಸುಂಕ ಹಾಕಬಹುದು ಅನ್ನೋ ಭಯಕ್ಕೇ ನ್ಯೂಯಾರ್ಕ್‌ನ ಕಾಮೆಕ್ಸ್ ಪೇಟೆಯಲ್ಲಿ ಚಿನ್ನದ ಫ್ಯೂಚರ್ಸ್, ಅಂದರೆ ಮುಂದೊಂದು ದಿನ ಕೊಡುವ ಒಪ್ಪಂದದ ಬೆಲೆ, ಲಂಡನ್ ಬೆಲೆಗಿಂತ ಔನ್ಸಿಗೆ ಹತ್ತಾರು ಡಾಲರ್ ಮೇಲೇರಿತ್ತು. ಲಂಡನ್ನಿನಲ್ಲಿ ಕೊಂಡು ನ್ಯೂಯಾರ್ಕಿನಲ್ಲಿ ಮಾರಿದರಾಯ್ತಲ್ಲ? ಅಷ್ಟು ಸಲೀಸಲ್ಲ ಮಾರಾಯ್ರೆ. ಲಂಡನ್ ಗಟ್ಟಿ ಸುಮಾರು 400 ಔನ್ಸಿನದು. ಕಾಮೆಕ್ಸ್‌ನ ಮುಖ್ಯ ಒಪ್ಪಂದಕ್ಕೆ ಬೇಕಾದ್ದು 100 ಔನ್ಸಿನದು ಒಂದು, ಇಲ್ಲವೇ ಕಿಲೋ ತೂಕದವು ಮೂರು. ಹಾಗಾಗಿ ಸ್ವಿಟ್ಜರ್ಲೆಂಡಿಗೆ ಹೋಗಿ ಕರಗಿ, ಹೊಸ ಅಚ್ಚಿಗೆ ಬಿದ್ದು ಅಮೆರಿಕದ ವಿಮಾನ ಹತ್ತಬೇಕು. ಆಗಂತೂ ಬ್ಯಾಂಕ್ ಆಫ್ ಇಂಗ್ಲೆಂಡ್ ಖಜಾನೆಯಿಂದ ಹೊರಬರಲಿಕ್ಕೇ ವಾರಗಟ್ಟಲೆ ಸರದಿ ಇತ್ತು!

ಆಗಸ್ಟಿನಲ್ಲಿ ಅಮೆರಿಕದ ಕಸ್ಟಮ್ಸ್ ಪತ್ರವೊಂದು ಕಿಲೋ ಗಟ್ಟಿಗೂ ಸುಂಕವಿದೆ ಅಂದಾಗ ಅಂತರ 100 ಡಾಲರ್ ದಾಟಿತು. ‘ಚಿನ್ನಕ್ಕೆ ಸುಂಕವಿಲ್ಲ’ ಅಂತ ಟ್ರಂಪ್ ಪೋಸ್ಟ್ ಹಾಕಿದ ಮೇಲೆ ಕುಗ್ಗಿತು. ಲಂಡನ್ನಿನಲ್ಲಿ ಕೊಂಡು ನ್ಯೂಯಾರ್ಕಿನಲ್ಲಿ ಫ್ಯೂಚರ್ಸ್ ಮಾರಿಟ್ಟಿದ್ದವರು ಆ ನಡುವೆ, ಅಲ್ಲಿನ ಬೆಲೆ ಏರಿದಷ್ಟೂ ಕಟ್ಟಬೇಕಾದ ಮಾರ್ಜಿನ್ ಠೇವಣಿ ತುಂಬಲು ಎಷ್ಟು ಒದ್ದಾಡಿದರೋ!